ಒಂದು ಕಪ್ ಮರಳು, ಒಂದು ಕಪ್ ಪುರಿ

ನಮ್ಮ ಎರಡನೇ ತರಗತಿಯಲ್ಲಿ ಹದಿನಾರು ಮಕ್ಕಳು. "ಪಾತ್ರೆ ಎಷ್ಟು ಹಿಡಿಯುತ್ತದೆ" ಮತ್ತು "ಎಷ್ಟು ಭಾರ ಇದೆ" ಇವೆರಡೂ ಬೇರೆ ಬೇರೆ ಅನ್ನೋದು ಬಾಯಲ್ಲಿ ಹೇಳಿದರೆ ಅವರಿಗೆ ಹತ್ತುವುದಿಲ್ಲ. ಅದಕ್ಕೇ ಮರಳು, ಕಪ್ಪು, ತಕ್ಕಡಿ ಇಟ್ಟುಕೊಂಡು ಎರಡು ದಿನ ಮಾಡಿಸಿದೆ.

ತಕ್ಕಡಿಯನ್ನು ಬಿದಿರಿನ ಪಟ್ಟಿಯಿಂದ ಮಾಡಿದೆ. ಉದ್ದ ಸುಮಾರು 40 ಸೆಂಟಿಮೀಟರ್. ಎರಡೂ ತುದಿಗೆ ದಾರ ಕಟ್ಟಿ ತೆಂಗಿನ ಚಿಪ್ಪು ತೂಗುಹಾಕಿದೆ. ಮೊದಲ ಸಲ ನಡುವಿನ ತೂತನ್ನು ಪಟ್ಟಿಯ ಕೆಳ ಅಂಚಿಗೆ ಹತ್ತಿರ ಕೊರೆದಿದ್ದೆ. ಪಟ್ಟಿ ಒಂದು ಕಡೆಗೆ ವಾಲಿದರೆ ವಾಲಿದ ಹಾಗೇ ನಿಲ್ಲುತ್ತಿತ್ತು, ಸಮಕ್ಕೆ ಬರುತ್ತಲೇ ಇರಲಿಲ್ಲ. ಮೇಲಿನ ಅಂಚಿಗೆ ಹತ್ತಿರ ಇನ್ನೊಂದು ತೂತು ಕೊರೆದ ಮೇಲೆ ಸರಿಹೋಯಿತು. ಚಿಪ್ಪುಗಳು ಒಂದೇ ತೂಕ ಇರುವುದಿಲ್ಲವಲ್ಲ, ಹಗುರವಾದ ಚಿಪ್ಪಿನ ತಳಕ್ಕೆ ಸ್ವಲ್ಪ ಜೇಡಿಮಣ್ಣು ಅಂಟಿಸಿದೆ. ಪ್ರತಿ ಸಲವೂ ಖಾಲಿ ತಕ್ಕಡಿ ಸಮ ಇದೆಯಾ ಅಂತ ಮಕ್ಕಳೇ ನೋಡಿ "ಸಮ" ಅಂದ ಮೇಲೆ ತೂಗಬೇಕು, ಇದು ನಮ್ಮ ನಿಯಮ.

ಮರಳನ್ನು ಜರಡಿ ಹಿಡಿದು, ತೊಳೆದು, ಬಿಸಿಲಿಗೆ ಹರವಿ ಚೆನ್ನಾಗಿ ಒಣಗಿಸಿದ್ದೆ. ಒಣಗಿರುವುದು ಮುಖ್ಯ. ಸ್ವಲ್ಪ ಹಸಿ ಇದ್ದರೂ ಮರಳು ಉಂಡೆಕಟ್ಟಿ ಕಪ್ಪಿನೊಳಗೆ ಸಂದು ಬಿಡುತ್ತದೆ, ಲೆಕ್ಕ ಒಂದೊಂದು ಸಲ ಒಂದೊಂದು ಬರುತ್ತದೆ. ಪ್ರತಿ ಗುಂಪಿಗೂ ಕೆಳಗೆ ಹಳೇ ಸೀರೆ ಹಾಸಿದೆ, ಚೆಲ್ಲಿದ್ದು ಸುಲಭವಾಗಿ ಬಕೆಟ್ಟಿಗೆ ವಾಪಸ್ ಹೋಗಲಿ ಅಂತ.

ಮೊದಲ ದಿನ ಚೊಂಬು ತುಂಬಿಸುವ ಕೆಲಸ. ಕಾಫಿ ಅಂಗಡಿಯ 100 ಮಿಲಿಲೀಟರ್ ಕಾಗದದ ಕಪ್ಪೇ ಅಳತೆ. ಒಂದೇ ಚೊಂಬು, ಒಂದೇ ಕಪ್ಪು, ಆದರೆ ಒಂದು ಗುಂಪಿಗೆ 8 ಕಪ್ ಬಂತು, ಇನ್ನೊಂದಕ್ಕೆ 6. ಜಗಳವೇ ಶುರುವಾಯಿತು. ನಾನು ಉತ್ತರ ಹೇಳಲಿಲ್ಲ. ಎರಡೂ ಗುಂಪು ಎದುರುಬದುರು ಕೂತು ಮತ್ತೆ ತುಂಬಿಸಿ ಅಂದೆ. ಆಗ ಒಬ್ಬಳು ಹಿಡಿದುಬಿಟ್ಟಳು: "ಮಿಸ್, ಅವ್ರು ಗುಡ್ಡೆ ಮಾಡಿ ತುಂಬ್ತಾರೆ! ನಮ್ಮಜ್ಜಿ ಪಾವಿನ ಮೇಲೆ ಕೈ ಎಳೆದು ಅಕ್ಕಿ ಅಳೀತಾರೆ." ಅಲ್ಲಿಂದ ಎಲ್ಲರೂ ಕಪ್ಪಿನ ಬಾಯಿ ಮೇಲೆ ಸ್ಕೇಲ್ ಎಳೆದು ಸಮ ಮಾಡತೊಡಗಿದರು. ಎರಡೂ ಗುಂಪಿಗೂ 8 ಬಂತು. ಕಪ್ಪನ್ನು ಕುಟ್ಟಬಾರದು ಅಂತ ನಾನೇ ಸೇರಿಸಿದೆ. ಕುಟ್ಟಿದರೆ ಮರಳು ಇಳಿದು ಇನ್ನಷ್ಟು ಹಿಡಿಯುತ್ತದೆ.

ಎರಡನೇ ದಿನ ತಕ್ಕಡಿ. ಶುರುವಿನಲ್ಲೇ ಒಬ್ಬ ಹುಡುಗ ಮೇಲೆ ಹೋದ ಚಿಪ್ಪನ್ನು ತೋರಿಸಿ "ಇದೇ ಜಾಸ್ತಿ" ಅಂದ. ಎತ್ತರ ಇದ್ದರೆ ಜಾಸ್ತಿ ಅಂತ ಅವನ ಲೆಕ್ಕ. ತಪ್ಪು ಅನ್ನದೆ, ಅವನ ಒಂದು ಕೈಗೆ ಕಲ್ಲು, ಇನ್ನೊಂದು ಕೈಗೆ ಬೆಂಕಿಪೊಟ್ಟಣ ಕೊಟ್ಟು ಕಣ್ಣು ಮುಚ್ಚಿಸಿದೆ. ಕಲ್ಲಿನ ಕೈ ತಾನಾಗಿಯೇ ಕೆಳಗಿಳಿಯಿತು. ಅದೇ ಎರಡನ್ನೂ ತಕ್ಕಡಿಗೆ ಹಾಕಿಸಿದಾಗ ಅವನೇ ತಿದ್ದಿಕೊಂಡ.

ಆಮೇಲೆ ಒಂದು ಕಪ್ಪಿಗೆ ಮರಳು, ಅದೇ ಅಳತೆಯ ಇನ್ನೊಂದು ಕಪ್ಪಿಗೆ ಪುರಿ ತುಂಬಿ, ಎರಡನ್ನೂ ಸಮ ಎಳೆದು ಕೇಳಿದೆ: "ತಕ್ಕಡಿಗೆ ಹಾಕಿದರೆ ಏನಾಗುತ್ತೆ?" ಹನ್ನೊಂದು ಮಕ್ಕಳು "ಸಮ ಆಗುತ್ತೆ, ಕಪ್ಪು ಒಂದೇ ಅಲ್ವಾ" ಅಂದರು. ಹಾಕಿದಾಗ ಮರಳಿನ ಚಿಪ್ಪು ದಬಕ್ಕನೆ ಕೆಳಗೆ ಕೂತಿತು. ಇನ್ನೂ ಪುರಿ ಹಾಕೋಣ ಅಂದರು. ಎರಡನೇ ಕಪ್ಪಿಗೇ ಚಿಪ್ಪು ತುಂಬಿತು, ಮೂರನೆಯದು ಸೀರೆ ಮೇಲೆ ಚೆಲ್ಲಿತು. ಮರಳು ಮಾತ್ರ ಮೇಲೇಳಲಿಲ್ಲ.

ಇಲ್ಲಿ ನಾನು ಯೋಚಿಸಬೇಕಾಯಿತು. ಒಂದು ಕಪ್ ಮರಳು ಸುಮಾರು 160 ಗ್ರಾಂ ತೂಗುತ್ತದೆ, ಅಷ್ಟೇ ಪುರಿ ಹತ್ತು ಗ್ರಾಂ ಆಸುಪಾಸು. ಮರಳಿಗೆ ಸಮ ಆಗುವಷ್ಟು ಪುರಿ ಚಿಪ್ಪಿನಲ್ಲಿ ಹಿಡಿಸುವುದೇ ಇಲ್ಲ. ಹಾಗಾಗಿ ತಿರುಗಿಸಿ ಮಾಡಿದೆವು. ಒಂದು ಕಪ್ ಪುರಿ ಒಂದು ಕಡೆ, ಇನ್ನೊಂದು ಕಡೆ ಸಣ್ಣ ಚಮಚದಲ್ಲಿ ಮರಳು. ಒಂದು ಚಮಚ ಹಾಕಿದಾಗ ಪಟ್ಟಿ ಅಲುಗಾಡಿತು, ಪುರಿಯ ಕಡೆಯೇ ಕೆಳಗಿತ್ತು. ಎರಡನೇ ಚಮಚಕ್ಕೆ ಮರಳಿನ ಕಡೆ ಇಳಿಯಿತು. ಮಕ್ಕಳು ಒಂದು ನಿಮಿಷ ಮಾತೇ ಆಡಲಿಲ್ಲ. ಒಬ್ಬ ಎದ್ದು ಚಿಪ್ಪುಗಳಲ್ಲಿದ್ದುದನ್ನು ಅದಲುಬದಲು ಮಾಡಿ ನೋಡಿದ, ತಕ್ಕಡಿಯೇ ಮೋಸ ಮಾಡುತ್ತಿದೆಯೇನೋ ಅಂತ. ನಾನು ಹೇಳಿಕೊಡದೇ ಅವನು ಮಾಡಿದ ಈ ಪರೀಕ್ಷೆ ನನಗೆ ತುಂಬಾ ಖುಷಿ ಕೊಟ್ಟಿತು. ಮರಳು ಆ ಕಡೆಯೂ ಕೆಳಗೇ ಹೋಯಿತು.

ಬರೆಯಲು ಎರಡು ಚಿತ್ರ ಮಾತ್ರ ಕೊಟ್ಟೆ, ಚೊಂಬು ಮತ್ತು ತಕ್ಕಡಿ. ಚೊಂಬಿನ ಕೆಳಗೆ ಎಷ್ಟು ಕಪ್ಪೋ ಅಷ್ಟು ಗೆರೆ. ತಕ್ಕಡಿಯಲ್ಲಿ ಯಾವ ಕಡೆ ಇಳಿಯಿತೋ ಆ ಕಡೆಗೆ ಬಣ್ಣ. ಗ್ರಾಂ, ಲೀಟರ್ ಹೆಸರು ಎತ್ತಲಿಲ್ಲ. ಮೂರು ಮಕ್ಕಳು ತಕ್ಕಡಿಯ ಎರಡೂ ಕಡೆಗೂ ಬಣ್ಣ ಹಚ್ಚಿದ್ದರು. ಅವರನ್ನು ಮಾರನೇ ದಿನ ಊಟಕ್ಕೆ ಮುಂಚೆ ಕೂರಿಸಿಕೊಂಡೆ. ಈ ಸಲ ಪುರಿಯ ಜಾಗದಲ್ಲಿ ಕಡಲೆಬೀಜ.