ನಂಜನಗೂಡು ದೊಡ್ಡ ಜಾತ್ರೆ ವಿಡಿಯೋದಲ್ಲಿ ಮುಖ ಬ್ಲರ್ ಮಾಡೋದು: ನನ್ನ ಅನುಭವ

ಜಾತ್ರೆ ವಿಡಿಯೋ ಹಾಕಿದ್ಮೇಲೆ ಸುಮಾರು ಜನ ಕೇಳ್ತಾರೆ, ಅಷ್ಟು ಜನರಲ್ಲಿ ಯಾರ ಪರ್ಮಿಷನ್ ತಗೋತೀರ ಅಂತ. ಎಲ್ಲರದ್ದೂ ತಗೊಳ್ಳೋಕಾಗಲ್ಲ, ತಗೋಬೇಕಾಗೂ ಇಲ್ಲ. ಐದು ತೇರು ಎಳೆಯೋವಾಗ ಮೇಲಿಂದ ತೆಗೆದ ವೈಡ್ ಶಾಟಲ್ಲಿ ಮುಖಗಳೆಲ್ಲ ಚುಕ್ಕಿ ಥರ ಇರುತ್ತೆ, ಅದನ್ನ ನಾನು ಹಾಗೇ ಬಿಡ್ತೀನಿ. ಆದ್ರೆ 4K ವಿಡಿಯೋ ಇದ್ರೆ ನಿಲ್ಲಿಸಿ ಝೂಮ್ ಮಾಡಿದೋರಿಗೆ ಗುರುತು ಸಿಗುತ್ತೆ, ಅದಕ್ಕೆ ವೈಡ್ ಶಾಟ್ ಇರೋ ವಿಡಿಯೋನ 1080ಕ್ಕೆ ಇಳಿಸಿ ಎಕ್ಸ್‌ಪೋರ್ಟ್ ಮಾಡ್ತೀನಿ. ಕಪಿಲಾ ನದಿ ಸ್ನಾನಘಟ್ಟದ ಕಡೆ ಕ್ಯಾಮೆರಾ ತಿರುಗಿಸೋದೇ ಇಲ್ಲ. ಅಲ್ಲಿ ಹೆಂಗಸರು ಒದ್ದೆ ಸೀರೇಲಿ ಇರ್ತಾರೆ, ಬ್ಲರ್ ಮಾಡಿದ್ರೆ ಇನ್ನೂ ಕೆಟ್ಟದಾಗಿ ಕಾಣುತ್ತೆ, ಏನೋ ಮುಚ್ಚಿಟ್ಟ ಹಾಗೆ.

ತಲೆನೋವು ಬರೋದು ನಡುವಿನ ಶಾಟ್‌ಗಳಲ್ಲಿ. ಹಗ್ಗ ಹಿಡಿದೋರು, ಹಣ್ಣು ಜವನ ಎಸೆಯೋರು, ಮುಖ್ಯವಾಗಿ ಅಪ್ಪನ ಹೆಗಲ ಮೇಲೆ ಕೂತ ಮಕ್ಕಳು. ದೊಡ್ಡೋರ ಮುಖ ಒಬ್ಬರ ಹಿಂದೆ ಒಬ್ಬರು ಮರೆಯಾಗಿರುತ್ತೆ, ಈ ಮಕ್ಕಳ ಮುಖ ಮಾತ್ರ ಎಲ್ಲರಿಗಿಂತ ಮೇಲೆ ಕ್ಲೀನಾಗಿ ಕಾಣ್ತಿರುತ್ತೆ, ಅದಕ್ಕೆ ನಾನು ಎಡಿಟಿಂಗ್ ಶುರು ಮಾಡೋದೇ ಅವರಿಂದ.

ಮೊದಲ ಸುತ್ತಿಗೆ, ಮುಖಗಳನ್ನ ತಾನೇ ಹುಡುಕಿ ಬ್ಲರ್ ಮಾಡೋ ಡಿಫೇಸ್ ಅನ್ನೋ ಫ್ರೀ ಟೂಲ್ ಓಡಿಸ್ತೀನಿ:

```
deface jatre.mp4 --thresh 0.1 --mask-scale 1.6 --keep-audio
```

ಇದು ಮುಖನೇ ಅಂತ ಒಪ್ಪೋಕೆ ಟೂಲ್‌ಗೆ ಎಷ್ಟು ಖಾತ್ರಿ ಬೇಕು ಅನ್ನೋದು `thresh`. ಏನೂ ಕೊಡದೇ ಇದ್ರೆ 0.2 ಇರುತ್ತೆ, ಅದರಲ್ಲಿ ಬೆಳಗಿನ ಜಾವದ ಮಬ್ಬಿನ ಶಾಟಲ್ಲಿ ತುಂಬಾ ಮುಖ ಬಿಟ್ಟೋಗುತ್ತೆ, ಅದಕ್ಕೆ ಇಳಿಸಿದ್ದು. `mask-scale` ಜಾಸ್ತಿ ಮಾಡಿದ್ರೆ ಬ್ಲರ್ ಕಿವಿ, ಗಲ್ಲದವರೆಗೂ ಬರುತ್ತೆ. `keep-audio` ಹಾಕ್ದೇ ಇದ್ರೆ ಸೌಂಡೇ ಇರಲ್ಲ. ಆದ್ರೆ `thresh` ಇಳಿಸಿದ್ದಕ್ಕೆ ಒಂದು ತಮಾಷೆ ಆಗುತ್ತೆ, ಗೌತಮ ರಥದ ಮೇಲಿನ ಮರದ ಕೆತ್ತನೆ ಗೊಂಬೆಗಳ ಮುಖಕ್ಕೂ ಬ್ಲರ್ ಬಂದು ಕೂತ್ಕೊಳ್ಳುತ್ತೆ! ಅಂಥ ಕಡೆ ಒರಿಜಿನಲ್ ಕ್ಲಿಪ್‌ನೇ ಇಟ್ಟು ಕೈಯಲ್ಲಿ ಬ್ಲರ್ ಮಾಡ್ತೀನಿ.

ಡಿಫೇಸ್ ಒಂದೊಂದು ಫ್ರೇಮನ್ನೂ ಬೇರೆ ಬೇರೆಯಾಗಿ ನೋಡುತ್ತೆ, ಹಿಂದಿನ ಫ್ರೇಮಲ್ಲಿ ಮುಖ ಎಲ್ಲಿತ್ತು ಅಂತ ನೆನಪಿಟ್ಕೊಳ್ಳಲ್ಲ. ಮಗು ಪಕ್ಕಕ್ಕೆ ತಿರುಗಿದ ಕೂಡ್ಲೇ, ಅಥವಾ ಬಾವುಟ ಅಡ್ಡ ಬಂದ ಕೂಡ್ಲೇ ಎರಡು ಮೂರು ಫ್ರೇಮ್ ಬ್ಲರ್ ಹಾರಿಹೋಗುತ್ತೆ. ಮಾಮೂಲಿ ಸ್ಪೀಡಲ್ಲಿ ಕಣ್ಣಿಗೆ ಕಾಣಲ್ಲ, ವಿಡಿಯೋ ನಿಲ್ಲಿಸಿ ನೋಡೋನಿಗೆ ಆ ಒಂದು ಫ್ರೇಮ್ ಸಾಕು. ಅದಕ್ಕೆ ಕಾಲು ಸ್ಪೀಡಲ್ಲಿ ಪೂರ್ತಿ ನೋಡಿ, ಬಿಟ್ಟೋದ ಕಡೆ ಡಾವಿಂಚಿ ರಿಸಾಲ್ವ್‌ನ Color ಪೇಜಲ್ಲಿ ರೌಂಡ್ ವಿಂಡೋ ಹಾಕಿ ಟ್ರ್ಯಾಕ್ ಮಾಡಿ ಬ್ಲರ್ ಕೊಡ್ತೀನಿ, ಫ್ರೀ ವರ್ಷನ್ನಲ್ಲೇ ಆಗುತ್ತೆ. ಬ್ಲರ್ ದಪ್ಪ ಇರ್ಬೇಕು, ಕಣ್ಣು ಮೂಗು ಎಲ್ಲಿದೆ ಅಂತ ಅಂದಾಜು ಸಿಗೋ ಅಷ್ಟು ತೆಳು ಇದ್ರೆ ಮನೆಯೋರು ಕಂಡು ಹಿಡಿದುಬಿಡ್ತಾರೆ.

ಒಪ್ಪಿಗೆ ಕೇಳೋ ವಿಷಯಕ್ಕೆ ಮುಡಿ ಸೇವೇನ ಹೇಳ್ತೀನಿ. ನಮ್ಮ ಕಡೆ ಮಗು ಮೊದಲ ಮುಡಿ ಕೊಡೋವಾಗ ಸೋದರಮಾವನ ತೊಡೆ ಮೇಲೆ ಕೂರಿಸ್ತಾರೆ. ಮಾವನ್ನ ಕೇಳಿದ್ರೆ "ತೆಗೀರಿ ಸಾರ್, ಯಾವ ಚಾನೆಲ್ಲು?" ಅಂತ ಖುಷಿಯಾಗಿ ಹೇಳ್ತಾರೆ. ಆದ್ರೆ ಮಗುವಿನ ಪರವಾಗಿ ಹೂಂ ಅನ್ಬೇಕಾದೋರು ಅಪ್ಪ ಅಮ್ಮ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲೂ 18 ತುಂಬದೋರೆಲ್ಲ ಮಕ್ಕಳೇ, ತಂದೆ ತಾಯಿ ಅಥವಾ ಕಾನೂನು ಪ್ರಕಾರ ಪೋಷಕರು ಆದೋರ ಒಪ್ಪಿಗೆ ಬೇಕು ಅಂತ ಇದೆ. ಹಾಗಾಗಿ ಒಂದ್ಸಲ ಹೀಗೆ ಮಾವ ಹೂಂ ಅಂದ್ಮೇಲೂ ಪಕ್ಕದಲ್ಲಿ ನಿಂತಿದ್ದ ತಾಯಿ ಹತ್ರ ಹೋಗಿ, ತೆಗೆದಿರೋ ತುಣುಕನ್ನ ಕ್ಯಾಮೆರಾ ಸ್ಕ್ರೀನಲ್ಲೇ ತೋರಿಸಿ, "ಅಕ್ಕಾ, ಇದು ಯೂಟ್ಯೂಬಿಗೆ ಹೋಗುತ್ತೆ, ಯಾರ್ ಬೇಕಾದ್ರೂ ನೋಡ್ಬೋದು, ಬೇಡ ಅಂದ್ರೆ ಈಗ್ಲೇ ಡಿಲೀಟ್ ಮಾಡ್ತೀನಿ" ಅಂದೆ.

"ಮುಖ ಬ್ಯಾಡಿ ಕಣಣ್ಣ, ಮಗಿಗೆ ದೃಷ್ಟಿಯಾಯ್ತದೆ. ಕೂದ್ಲು ತೆಗಿಯೋದು ಬೇಕಾರೆ ಹಾಕ್ಕಳಿ" ಅಂದ್ರು.

ಮುಖ ಇದ್ದ ತುಣುಕನ್ನ ಅವರ ಮುಂದೆನೇ ಅಳಿಸಿ, ಹಿಂದಿನಿಂದ ಮತ್ತೆ ಶೂಟ್ ಮಾಡಿದೆ. ಕತ್ತಿ ಹಿಡಿದ ಕೈ, ತೊಡೆ ಮೇಲೆ ಹಾಸಿದ ಟವಲ್ಲು, ಅದರ ಮೇಲೆ ಬೀಳೋ ಕೂದಲು, ಅಷ್ಟೇ. ನನ್ ಕೇಳಿದ್ರೆ ಮುಖ ಇದ್ದಿದ್ದಕ್ಕಿಂತ ಇದೇ ಚೆನ್ನಾಗಿ ಬಂತು. ಅವರು ಒಪ್ಪಿದ ಮಾತನ್ನ ಅಲ್ಲೇ ಆಡಿಯೋ ರೆಕಾರ್ಡ್ ಮಾಡ್ಕೊಂಡೆ, ನನ್ ನಂಬರೂ ಕೊಟ್ಟೆ, ಆಮೇಲೆ ಮನಸ್ಸು ಬದಲಾದ್ರೆ ಫೋನ್ ಮಾಡ್ಬೇಕಲ್ಲ. ಸೈನ್ ಮಾಡೋ ಪೇಪರ್ ಕೊಟ್ರೆ ಜಾತ್ರೇಲಿ ಜನ ಹೆದರ್ಕೋತಾರೆ, ಅದಕ್ಕೆ ಆಡಿಯೋ.

ಇನ್ನೊಂದು, ಸೌಂಡು. ಜಾತ್ರೇಲಿ ಮೈಕಲ್ಲಿ ಕಳೆದುಹೋದ ಮಕ್ಕಳ ಅನೌನ್ಸ್‌ಮೆಂಟ್ ಬರ್ತಾನೇ ಇರುತ್ತೆ, ಹೆಸರು, ವಯಸ್ಸು, ಊರು, ಅಪ್ಪನ ಹೆಸರು ಎಲ್ಲ ಸೇರಿಸಿ. ಮುಖಕ್ಕೆ ಎಷ್ಟೇ ಬ್ಲರ್ ಹಾಕಿದ್ರೂ ಹಿಂದೆ ಇದು ಕೇಳಿಸ್ತಿದ್ರೆ ಏನು ಪ್ರಯೋಜನ? ಆ ಭಾಗದ ಆಡಿಯೋ ತೆಗೆದು, ಬೇರೆ ಕಡೆ ರೆಕಾರ್ಡ್ ಮಾಡಿದ ನಾದಸ್ವರ, ಡೋಲಿನ ಸೌಂಡ್ ಹಾಕ್ತೀನಿ. ಥಂಬ್‌ನೇಲ್ ಕೂಡ ಬ್ಲರ್ ಆದ ಫೈಲಿಂದಲೇ ಮಾಡ್ಬೇಕು, ಒರಿಜಿನಲ್ ಕ್ಲಿಪ್ಪಿಂದ ಸ್ಕ್ರೀನ್‌ಶಾಟ್ ತೆಗೆದ್ರೆ ಅದೇ ಮುಖ ಎಲ್ಲರ ಫೋನಲ್ಲೂ ಮೊದಲು ಕಾಣುತ್ತೆ.