ವೇಳಾಪಟ್ಟಿಯ ಫೋಟೊದಿಂದ ದಿನವಾರು ಪಟ್ಟಿ

ಕಾಲೇಜು ತೆರೆದ ಮೊದಲ ವಾರ ವಾಟ್ಸ್ಆ್ಯಪ್ ಗುಂಪಿಗೆ ಬರುವ ವೇಳಾಪಟ್ಟಿ ಸಾಮಾನ್ಯವಾಗಿ ಸೂಚನಾ ಫಲಕದ ಓರೆಕೋರೆ ಫೋಟೊ. ಅದರ ಅಕ್ಷರಗಳನ್ನು ಗೂಗಲ್ ಲೆನ್ಸ್ ಓದಿ ಕೊಡುತ್ತದೆ, ನಿಜ. ಆದರೆ ಯಾವ ಪದ ಯಾವ ಮನೆಯಲ್ಲಿತ್ತು ಎಂಬುದು ನಕಲು ಮಾಡುವಾಗ ಕಳೆದುಹೋಗುತ್ತದೆ. ವೇಳಾಪಟ್ಟಿಯಲ್ಲಿ ನಮಗೆ ಬೇಕಾದದ್ದೇ ಅದು.

ಮೊದಲು ಫೋಟೊ ಕತ್ತರಿಸಿ, ಗೆರೆಗಳು ನೆಟ್ಟಗಾಗುವಂತೆ ಸರಿಪಡಿಸಿಕೊಳ್ಳಿ. ವಿಷಯಗಳನ್ನು ಮುಟ್ಟುವ ಮುನ್ನ ಮೇಲಿನ ಸಾಲಿನ ಸಮಯಗಳನ್ನಷ್ಟೇ ಬರೆದುಕೊಳ್ಳಿ. ಒಂದು ಬೆಳಗಿನ ಕಾಲೇಜನ್ನು ತೆಗೆದುಕೊಳ್ಳೋಣ: 8.30ಕ್ಕೆ ಆರಂಭ, 55 ನಿಮಿಷದ ಐದು ಪಿರಿಯಡ್, ಎರಡರ ನಂತರ 20 ನಿಮಿಷ ವಿರಾಮ, 1.25ಕ್ಕೆ ಮುಕ್ತಾಯ.

ಈಗ ಮಂಗಳವಾರದ ಸಾಲು. ಲೆನ್ಸ್ ಕೊಟ್ಟದ್ದು ಐದು ತುಣುಕು: ಅಕೌಂಟ್ಸ್, ಕನ್ನಡ, ಆರ್, ಕಂಪ್ಯೂಟರ್ ಲ್ಯಾಬ್, ಸಂಖ್ಯಾಶಾಸ್ತ್ರ. ಐದು ಪಿರಿಯಡ್‌ಗೆ ಐದು ತುಣುಕು, ಲೆಕ್ಕ ಸರಿಹೋಯಿತು ಎಂದು ಖುಷಿಪಡಬೇಡಿ. ಆ ‘ಆರ್’ ಯಾವ ವಿಷಯವೂ ಅಲ್ಲ. ವಿರಾಮದ ಕಂಬಸಾಲಿನಲ್ಲಿ ಇಂಗ್ಲಿಷಿನ ‘ಬ್ರೇಕ್’ ಪದವನ್ನು ಮೇಲಿನಿಂದ ಕೆಳಗೆ ಬರೆದಿದ್ದಾರೆ. ಅದರ ಎರಡನೆಯ ಅಕ್ಷರ ಮಂಗಳವಾರದ ಪಾಲಿಗೆ ಬಿದ್ದಿದೆ. ಅದನ್ನು ತೆಗೆದರೆ ಉಳಿಯುವುದು ನಾಲ್ಕೇ. ಅವನ್ನು ಹಾಗೆಯೇ ಸಾಲಾಗಿ ಜೋಡಿಸಿದರೆ ಸಂಖ್ಯಾಶಾಸ್ತ್ರ 12.30ರ ಬದಲು 11.35ಕ್ಕೆ ಬಂದು ಕೂರುತ್ತದೆ.

ಕಾಣೆಯಾದ ಪಿರಿಯಡ್ ಲ್ಯಾಬಿನಲ್ಲಿದೆ. ಎರಡು ಮನೆ ಕೂಡಿಸಿ ಅದರ ಹೆಸರನ್ನು ಒಮ್ಮೆ ಮಾತ್ರ ಬರೆದಿರುತ್ತಾರೆ. ಪರದೆಯ ಮೇಲೆ ಒಂದು ಕಾಗದದ ಅಂಚನ್ನು ನೇರವಾಗಿ ಹಿಡಿದು, ಆ ಮನೆಯ ಎಡ ಬಲ ಗೆರೆಗಳು ಮೇಲಿನ ಯಾವ ಸಮಯಕ್ಕೆ ಹೊಂದುತ್ತವೆ ಎಂದು ನೋಡಿ. ಇಲ್ಲಿ ಎಡಗೆರೆ 10.40ಕ್ಕೆ, ಬಲಗೆರೆ 12.30ಕ್ಕೆ ಹೊಂದುತ್ತದೆ. ಆರಂಭವನ್ನೂ ಮುಕ್ತಾಯವನ್ನೂ ಬೇರೆ ಬೇರೆ ಬರೆದರೆ ಸಾಲು ಹೀಗಾಗುತ್ತದೆ:

```
ದಿನ,ಆರಂಭ,ಮುಕ್ತಾಯ,ವಿಷಯ
ಮಂಗಳ,08:30,09:25,ಅಕೌಂಟ್ಸ್
ಮಂಗಳ,09:25,10:20,ಕನ್ನಡ
ಮಂಗಳ,10:40,12:30,ಕಂಪ್ಯೂಟರ್ ಲ್ಯಾಬ್
ಮಂಗಳ,12:30,13:25,ಸಂಖ್ಯಾಶಾಸ್ತ್ರ
```

ಎಂಟರ ಹಿಂದೆ ಸೊನ್ನೆ, ಒಂದರ ಬದಲು ಹದಿಮೂರು ಬರೆದದ್ದು ಅಲಂಕಾರಕ್ಕಲ್ಲ. ಸಮಯವನ್ನು ಬರೀ ಅಕ್ಷರವೆಂದು ತಿಳಿಯುವ ತಂತ್ರಾಂಶ ವಿಂಗಡಿಸುವಾಗ 1:25ನ್ನು 8:30ಕ್ಕಿಂತ ಮೊದಲು ಇಡುತ್ತದೆ. 10:40 ಕೂಡ ಎಂಟೂವರೆಗಿಂತ ಮುಂದೆ ನುಗ್ಗುತ್ತದೆ.

ತಾಳೆ ನೋಡಲು ಪದಗಳನ್ನು ಎಣಿಸಬೇಡಿ, ನಿಮಿಷಗಳನ್ನು ಕೂಡಿ. 55, 55, 110, 55 ಸೇರಿ 275. ಐದು ಪಿರಿಯಡ್‌ಗೂ ಅಷ್ಟೇ. ಮೊತ್ತ 220 ಬಂದ ದಿನ ಒಂದು ಪಿರಿಯಡ್ ಖಾಲಿ ಇದೆ, ಇಲ್ಲವೇ ಕೂಡಿಸಿದ ಮನೆಯೊಂದು ನಿಮ್ಮ ಕಣ್ಣು ತಪ್ಪಿಸಿದೆ. ಫೋಟೊದ ಆ ಸಾಲಿಗೆ ಮಾತ್ರ ಮರಳಿ ಹೋದರೆ ಸಾಕು.

ಒಂದೇ ಮನೆಯಲ್ಲಿ ಎರಡು ಬ್ಯಾಚ್‌ಗಳ ಲ್ಯಾಬ್ ತುರುಕಿದ್ದರೆ ಅದೇ ಸಮಯಕ್ಕೆ ಎರಡು ಸಾಲು ಬರೆದು, ಬ್ಯಾಚ್‌ಗೆ ಇನ್ನೊಂದು ಅಂಕಣ ಕೊಡಿ. ಮೊತ್ತದಲ್ಲಿ ಒಂದನ್ನೇ ಹಿಡಿಯಿರಿ. ಶನಿವಾರಕ್ಕೆ ಬೇರೆ ಸಮಯವಿದ್ದರೆ ಅದು ಹೆಚ್ಚಾಗಿ ಫೋಟೊದ ತಳದಲ್ಲಿ, ಸಣ್ಣ ಅಕ್ಷರದ ಟಿಪ್ಪಣಿಯಲ್ಲಿರುತ್ತದೆ. ಕತ್ತರಿಸುವಾಗ ಅದನ್ನೂ ಕತ್ತರಿಸಿಬಿಟ್ಟಿದ್ದೀರಾ, ನೋಡಿಕೊಳ್ಳಿ.