ಕರಡು ನಡಾವಳಿ ಕಳಿಸುವಾಗ ಜೊತೆಗಿನ ಪತ್ರ ಬರೆಯುವುದು ಹೇಗೆ?

ಸಂಘದ ಸಭೆ ಮುಗಿದಿದೆ, ಕಾರ್ಯದರ್ಶಿ ನಡಾವಳಿಯ ಕರಡು ಬರೆದಾಗಿದೆ. ಇನ್ನು ಅದನ್ನು ಸದಸ್ಯರಿಗೆ ಕಳಿಸಿ, ತಪ್ಪಿದ್ದರೆ ತಿಳಿಸಿ ಎನ್ನಬೇಕು. ಹೆಚ್ಚಿನ ಕಡೆ ವಾಟ್ಸಾಪ್ ಗ್ರೂಪಿಗೆ ನಾಲ್ಕು ಫೋಟೊ ಹಾಕಿ ‘ಎಲ್ಲರೂ ನೋಡಿ ತಿಳಿಸಿ’ ಎಂದು ಬರೆದರೆ ಕೆಲಸ ಮುಗಿಯಿತು. ಕೆಳಗೆ ಒಂದೆರಡು ಹೆಬ್ಬೆರಳು ಬೀಳುತ್ತವೆ. ಅದು ಒಪ್ಪಿಗೆಯೋ, ಸುಮ್ನೆ ನೋಡಿದ್ದೇನೆ ಅಂತಲೋ, ಯಾರಿಗೆ ಗೊತ್ತು? ಮುಂದಿನ ಸಭೆಯಲ್ಲಿ ‘ನಾವು ಹಾಗೆ ತೀರ್ಮಾನ ಮಾಡಿರಲೇ ಇಲ್ಲ’ ಎಂದು ಯಾರಾದರೂ ಎದ್ದು ನಿಂತರೆ ಕಾರ್ಯದರ್ಶಿಯ ಬಳಿ ತೋರಿಸಲು ಏನೂ ಇರುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ವಿರಾಜಪೇಟೆ ಕಡೆಯ ಒಂದು ಕಾಫಿ ಬೆಳೆಗಾರರ ಸಂಘ. ಕಾರ್ಯಕಾರಿ ಸಮಿತಿಯಲ್ಲಿ 11 ಜನ. ಜೂನ್ 7ರ ಭಾನುವಾರ ಸಭೆ ನಡೆಯಿತು, 9 ಜನ ಬಂದಿದ್ದರು. ಆನೆ ತಡೆಯಲು ಹಾಕಿದ ಸೋಲಾರ್ ಬೇಲಿಯ ಬ್ಯಾಟರಿ ಬದಲಿಸುವುದೇ ಅಂದಿನ ದೊಡ್ಡ ವಿಷಯ. ಮುಂದಿನ ಸಭೆ ಜುಲೈ 5ಕ್ಕೆ.

ಮೊದಲು ಗಡುವು ಗೊತ್ತು ಮಾಡಿ

ಪತ್ರ ಬರೆಯಲು ಕೂರುವ ಮೊದಲು ಸಂಘದ ಬೈಲಾ ತೆಗೆದು ನೋಡಿ. ಕರಡು ಎಷ್ಟು ದಿನದಲ್ಲಿ ಕಳಿಸಬೇಕು, ತಿದ್ದುಪಡಿಗೆ ಎಷ್ಟು ದಿನ ಕೊಡಬೇಕು ಎಂದು ಅಲ್ಲಿ ಇದ್ದರೆ ಅದೇ ಕೊನೆ ಮಾತು. ಇಲ್ಲದಿದ್ದರೆ ಕಂಪನಿಗಳ ಪದ್ಧತಿಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಕಂಪನಿ ಸೆಕ್ರೆಟರಿಗಳ ಸಂಸ್ಥೆ ಆಡಳಿತ ಮಂಡಳಿಯ ಸಭೆಗಳಿಗಾಗಿ ಮಾಡಿರುವ ನಿಯಮ ಹೀಗಿದೆ: ಸಭೆ ಮುಗಿದ 15 ದಿನದೊಳಗೆ ಕರಡು ಎಲ್ಲ ನಿರ್ದೇಶಕರಿಗೂ ಹೋಗಬೇಕು, ಅದು ಹೋದ 7 ದಿನದೊಳಗೆ ಅವರು ಅಭಿಪ್ರಾಯ ಹೇಳಬೇಕು, 30 ದಿನದೊಳಗೆ ನಡಾವಳಿ ಪುಸ್ತಕಕ್ಕೆ ಏರಬೇಕು. ನೋಂದಾಯಿತ ಸಂಘಕ್ಕೆ ಇದು ಕಡ್ಡಾಯವಲ್ಲ. ಆದರೆ ಅಳತೆ ಚೆನ್ನಾಗಿದೆ.

ನಮ್ಮಲ್ಲಿ ಬರೀ 7 ದಿನ ಸಾಲದು ಎಂದು ನನ್ನ ಲೆಕ್ಕ. ಜೂನಿನಲ್ಲಿ ಮಳೆ ಹಿಡಿದರೆ ಕರೆಂಟು ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ತೋಟದ ಮನೆಯಲ್ಲಿರುವ ಹಿರಿಯ ಸದಸ್ಯರು ಸಂತೆಯ ದಿನ ಪೇಟೆಗೆ ಇಳಿದಾಗಲೇ ಪತ್ರ ನೋಡುವುದು. ಹಾಗಾಗಿ ಗಡುವಿನೊಳಗೆ ಒಂದು ಸಂತೆ ದಿನ, ಒಂದು ಭಾನುವಾರ ಬರುವಂತೆ ನೋಡಿಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಜೂನ್ 12ರ ಶುಕ್ರವಾರ ಪತ್ರ ಹೊರಟರೆ ಗಡುವು ಜೂನ್ 22ರ ಸೋಮವಾರ ಸಂಜೆ 5 ಗಂಟೆ. ಜುಲೈ 5ಕ್ಕೆ ಮೊದಲು ತಿದ್ದಿದ ಪ್ರತಿ ಎಲ್ಲರಿಗೂ ಮತ್ತೆ ಕಳಿಸಲು ಸಮಯವೂ ಉಳಿಯುತ್ತದೆ.

‘ಒಂದು ವಾರದೊಳಗೆ’ ಎಂದು ಮಾತ್ರ ಬರೆಯಬೇಡಿ. ಪತ್ರದ ತಾರೀಖಿನಿಂದಲೋ, ಕೈಗೆ ಸಿಕ್ಕಿದ ದಿನದಿಂದಲೋ ಎಂಬ ಜಗಳ ಅಲ್ಲೇ ಶುರುವಾಗುತ್ತದೆ. ತಾರೀಖು, ವಾರ, ಗಂಟೆ ಮೂರನ್ನೂ ಬರೆಯಿರಿ.

ಪತ್ರದ ಒಕ್ಕಣೆ

ಪತ್ರ ಒಂದು ಪುಟ ಮೀರಬಾರದು. ಸಭೆಯ ಚರ್ಚೆಯನ್ನು ಇಲ್ಲಿ ಮತ್ತೆ ಹೇಳಲು ಹೋಗಬೇಡಿ. ಹೇಳಿದರೆ ನಡಾವಳಿಯಲ್ಲಿ ಒಂದು, ಪತ್ರದಲ್ಲಿ ಇನ್ನೊಂದು ಆಗಿಬಿಡುತ್ತದೆ. ಹೀಗೆ ಬರೆಯಬಹುದು:

> ದಿನಾಂಕ: ಜೂನ್ 12
>
> ಕಾರ್ಯಕಾರಿ ಸಮಿತಿಯ ಎಲ್ಲ ಸದಸ್ಯರಿಗೆ
>
> ವಿಷಯ: ಜೂನ್ 7ರ ಸಭೆಯ ಕರಡು ನಡಾವಳಿ – ತಿದ್ದುಪಡಿ ಇದ್ದರೆ ತಿಳಿಸುವ ಬಗ್ಗೆ
>
> ಮಾನ್ಯರೇ,
>
> ಜೂನ್ 7, ಭಾನುವಾರ ನಡೆದ ಸಮಿತಿ ಸಭೆಯ ಕರಡು ನಡಾವಳಿಯನ್ನು (3 ಪುಟ, 6 ವಿಷಯ) ಇದರ ಜೊತೆ ಕಳಿಸಿದ್ದೇನೆ. ಇದು ಇನ್ನೂ ದೃಢೀಕರಣವಾಗಿಲ್ಲ. ದಯವಿಟ್ಟು ಹೊರಗಿನವರಿಗೆ ಕೊಡಬೇಡಿ.
>
> ಹಾಜರಿ, ಮೊತ್ತ, ತಾರೀಖು, ನಿರ್ಣಯದ ಮಾತುಗಳು ಸರಿಯಾಗಿವೆಯೇ ಎಂದು ನೋಡಿ. ತಪ್ಪಿದ್ದರೆ ವಿಷಯದ ಸಂಖ್ಯೆ, ಈಗ ಇರುವ ವಾಕ್ಯ, ಇರಬೇಕಾದ ವಾಕ್ಯ – ಈ ಮೂರನ್ನು ಬರೆದು ಜೂನ್ 22, ಸೋಮವಾರ ಸಂಜೆ 5 ಗಂಟೆಯೊಳಗೆ ನನಗೆ ತಲುಪಿಸಿ. ನನ್ನ ನಂಬರಿಗೆ ವಾಟ್ಸಾಪ್ ಮಾಡಬಹುದು, ಇಲ್ಲವೇ ಚೀಟಿ ಬರೆದು ಸಂಘದ ಕಚೇರಿಯಲ್ಲಿ ಕೊಡಬಹುದು.
>
> ಆ ಹೊತ್ತಿಗೆ ಏನೂ ಬರದಿದ್ದರೆ ನಿಮ್ಮ ತಿದ್ದುಪಡಿ ಇಲ್ಲ ಎಂದು ತಿಳಿದು, ಜುಲೈ 5ರ ಸಭೆಯಲ್ಲಿ ನಡಾವಳಿಯನ್ನು ದೃಢೀಕರಣಕ್ಕೆ ಇಡುತ್ತೇನೆ.
>
> ಇಂತಿ,
> ಕಾರ್ಯದರ್ಶಿ
>
> ಲಗತ್ತು: ಕರಡು ನಡಾವಳಿ, 3 ಪುಟ

ಕೊನೆಯ ಸಾಲು ಕೆಲವರಿಗೆ ಒರಟು ಅನಿಸಬಹುದು. ಆದರೆ ಪತ್ರದ ಜೀವ ಇರುವುದು ಅಲ್ಲೇ. ಸುಮ್ಮನಿದ್ದರೆ ಏನಾಗುತ್ತದೆ ಎಂದು ಮೊದಲೇ ಹೇಳದಿದ್ದರೆ ಗಡುವಿಗೆ ಬೆಲೆ ಇಲ್ಲ. ಮೊದಲು ಹೇಳಿದ ಕಂಪನಿ ನಿಯಮದಲ್ಲೂ 7 ದಿನದಲ್ಲಿ ಮಾತಾಡದ ನಿರ್ದೇಶಕ ಕರಡನ್ನು ಒಪ್ಪಿದಂತೆಯೇ ಲೆಕ್ಕ. ಸಂಘದ ಬೈಲಾದಲ್ಲಿ ಹಾಗೆ ಇಲ್ಲದಿದ್ದರೆ ‘ಒಪ್ಪಿದ್ದೀರಿ’ ಎನ್ನುವ ಬದಲು ಮೇಲೆ ಬರೆದಂತೆ ‘ತಿದ್ದುಪಡಿ ಇಲ್ಲ ಎಂದು ತಿಳಿದು’ ಎನ್ನುವುದೇ ಸರಿ. ಒಪ್ಪುವುದು ಬಿಡುವುದು ಸಭೆಗೆ ಸೇರಿದ್ದು.

ಸಭೆಗೆ ಬಾರದ ಇಬ್ಬರಿಗೂ ಪತ್ರ ಹೋಗಲೇಬೇಕು. ನಡಾವಳಿಯ ಪ್ರತಿ ಪುಟದ ಮೇಲೆ ‘ಕರಡು’ ಎಂದು ಬರೆದು ಪಿಡಿಎಫ್ ಮಾಡಿ ಕಳಿಸಿ. ತಿದ್ದಬಹುದಾದ ಫೈಲನ್ನೇ ಗ್ರೂಪಿಗೆ ಹಾಕಿದರೆ ಮೂರು ದಿನದಲ್ಲಿ ನಾಲ್ಕು ನಡಾವಳಿ ಓಡಾಡುತ್ತವೆ. ಯಾರಿಗೆ, ಯಾವ ದಿನ, ಹೇಗೆ ಕಳಿಸಿದಿರಿ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಕೈಯಲ್ಲಿ ಕೊಟ್ಟಿದ್ದರೆ ಸಹಿ ಹಾಕಿಸಿಕೊಳ್ಳಿ.

ಬಂದ ತಿದ್ದುಪಡಿಗಳನ್ನು ಏನು ಮಾಡಬೇಕು?

ಕರಡಿನ 4ನೇ ವಿಷಯದಲ್ಲಿ ಹೀಗಿತ್ತು: ‘ಬೇಲಿಯ ಬ್ಯಾಟರಿಗೆ 18,000 ರೂಪಾಯಿ ಮಂಜೂರು ಮಾಡಲಾಯಿತು.’ ಇದಕ್ಕೆ ಮೂರು ಉತ್ತರ ಬಂದವು ಎಂದುಕೊಳ್ಳಿ.

ಒಬ್ಬರು ಬರೆಯುತ್ತಾರೆ: ‘18,000 ಮೀರದಂತೆ, ಎರಡು ಕಡೆ ಕೊಟೇಶನ್ ತಂದ ಮೇಲೆ ಎಂದು ತೀರ್ಮಾನವಾಗಿತ್ತು.’ ಸಭೆಯಲ್ಲಿ ಗೀಚಿಕೊಂಡ ಟಿಪ್ಪಣಿ ತೆಗೆದು ನೋಡಿ. ಅಲ್ಲಿ ಹಾಗೇ ಇದ್ದರೆ ಇದು ಸರಿಯಾದ ತಿದ್ದುಪಡಿ. ಚಿಕ್ಕ ಮಾತು ಅಲ್ವಾ ಅನಿಸಬಹುದು. ಆದರೆ ಕರಡಿನ ಪ್ರಕಾರ ಖಜಾಂಚಿ ನಾಳೆಯೇ ಹಣ ಕೊಡಬಹುದು, ತಿದ್ದಿದರೆ ಕೊಡುವಂತಿಲ್ಲ.

ಎರಡನೆಯವರು: ‘ಈಗ ಯೋಚಿಸಿದರೆ 25,000 ಇಟ್ಟರೆ ಒಳ್ಳೆಯದು.’ ಇದು ತಿದ್ದುಪಡಿಯೇ ಅಲ್ಲ, ಹೊಸ ಸಲಹೆ. ಅಂದು ಏನಾಯಿತೋ ಅದಷ್ಟೇ ನಡಾವಳಿಯಲ್ಲಿ ಇರಬೇಕು. ಮುಂದಿನ ಸಭೆಯ ಅಜೆಂಡಾದಲ್ಲಿ ಸೇರಿಸುತ್ತೇನೆ ಎಂದು ಅವರಿಗೆ ಮರ್ಯಾದೆಯಿಂದ ಉತ್ತರ ಬರೆಯಿರಿ.

ಮೂರನೆಯವರದೇ ತುಸು ಕಷ್ಟ: ‘ನಾನು ವಿರೋಧ ಮಾಡಿದ್ದೆ, ಅದು ಬಂದೇ ಇಲ್ಲ.’ ವಿರೋಧವನ್ನು ದಾಖಲಿಸಿ ಎಂದು ಅವರು ಅಂದೇ ಕೇಳಿದ್ದರೆ ಸೇರಿಸಬೇಕು. ಚರ್ಚೆಯಲ್ಲಿ ಬೇರೆ ಮಾತು ಆಡಿ ಕೊನೆಗೆ ಸುಮ್ಮನಾಗಿದ್ದರೆ ಸೇರಿಸಬೇಕಿಲ್ಲ. ಟಿಪ್ಪಣಿಯಲ್ಲಿ ಸ್ಪಷ್ಟವಿಲ್ಲದಿದ್ದರೆ ಕಾರ್ಯದರ್ಶಿ ಒಬ್ಬರೇ ತೀರ್ಪು ಕೊಡುವುದು ಬೇಡ. ಅಧ್ಯಕ್ಷರಿಗೆ ತೋರಿಸಿ, ಸಭೆಯ ಮುಂದೆ ಇಡಿ.

ಗಡುವು ಮುಗಿದ ಮೇಲೆ, ಅದುವರೆಗೆ ಬಂದ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಪಟ್ಟಿ ಮಾಡಿ: ಯಾರು ಕೇಳಿದರು, ಯಾವ ವಾಕ್ಯ, ಸೇರಿಸಿದ್ದೀರಾ ಇಲ್ಲವಾ, ಯಾಕೆ. ತಿದ್ದಿದ ಕರಡಿನ ಜೊತೆ ಈ ಹಾಳೆಯನ್ನೂ 11 ಜನಕ್ಕೂ ಕಳಿಸಿ. ಒಬ್ಬರ ಮಾತಿಗೆ ಒಳಗೊಳಗೇ ತಿದ್ದಿದರೆ ಉಳಿದವರಿಗೆ ಅನುಮಾನ ಬರುತ್ತದೆ.

ಜೂನ್ 25ಕ್ಕೆ ಯಾರಾದರೂ ‘ಊರಲ್ಲಿ ಇರಲಿಲ್ಲ’ ಎಂದು ತಿದ್ದುಪಡಿ ಕಳಿಸಿದರೆ? ಕರಡಿನಲ್ಲಿ ಸೇರಿಸಬೇಡಿ, ಬಿಸಾಡಲೂ ಬೇಡಿ. ತಡವಾಗಿ ಬಂದಿದ್ದು ಎಂದು ಗುರುತು ಹಾಕಿ ಜುಲೈ 5ಕ್ಕೆ ಸಭೆಯಲ್ಲಿ ಓದಿ. ಸಭೆ ಒಪ್ಪಿದರೆ ಸೇರಿಸಿ, ಆಮೇಲೆ ಅಧ್ಯಕ್ಷರ ಸಹಿ ಹಾಕಿಸಿ. ಸಹಿ ಬಿದ್ದ ಪುಟವನ್ನು ಮಾತ್ರ ಯಾರು ಹೇಳಿದರೂ ಮುಟ್ಟುವಂತಿಲ್ಲ. ಆಮೇಲೆ ಕಂಡ ತಪ್ಪಿಗೆ ಮುಂದಿನ ಸಭೆಯಲ್ಲಿ ಬೇರೆಯೇ ನಿರ್ಣಯ ಬರೆಯಬೇಕು.